ಉಸುಕಿನ ಚೀಲದ ಒಡ್ಡಿಗೆ ಎಷ್ಟು ಚೀಲ ಬೇಕು? ಹೊಳೆ ದಂಡೆಯ ಊರುಗಳಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಕೃಷ್ಣಾ, ದೂಧಗಂಗಾ, ಘಟಪ್ರಭಾ, ಮಲಪ್ರಭಾ, ಭೀಮಾ. ಈ ಹೊಳೆಗಳ ದಂಡೆಯಲ್ಲಿ ಇರುವವರಿಗೆ ಜುಲೈ, ಆಗಸ್ಟ್ ಬಂತೆಂದರೆ ನಿದ್ದೆ ಕಡಿಮೆ. ಓಣಿಗೆ ನೀರು ಬರುವ ಮೊದಲು ಚೀಲ ಪೇರಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಷ್ಟು ಚೀಲ, ಎಷ್ಟು ಉಸುಕು, ಎಷ್ಟು ಆಳು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ. ಈ ಪುಟದಲ್ಲಿ ಇರುವುದು ಆ ಲೆಕ್ಕವೇ. ಓಣಿಯ ಬಾಯಿಗೆ, ಮನೆಗಳ ಸಾಲಿನ ಮುಂದೆ ಊರವರೇ ಹಾಕಿಕೊಳ್ಳುವ ಸಣ್ಣ ಒಡ್ಡಿಗೆ ಮಾತ್ರ ಇದು ಹೊಂದುತ್ತದೆ. ಕೆರೆ ಏರಿ, ಕಾಲುವೆ ಒಡೆದಾಗ ಮಾಡುವ ಕೆಲಸ ಬೇರೆ.

100 ಅಡಿ ಓಣಿಗೆ ಎಷ್ಟು ಚೀಲ ಬೇಕು? ಮೊದಲು ಒಂದು ಅಂದಾಜು ಹೇಳಿ.

ಒಡ್ಡು 2 ಅಡಿ ಎತ್ತರ ಇರಲಿ, ತಳ 6 ಅಡಿ ಅಗಲ ಇರಲಿ. ಆಗ 100 ಅಡಿ ಉದ್ದಕ್ಕೆ ಸುಮಾರು 1,750 ಚೀಲ ಬೇಕು. ಇದು ಒಡ್ಡಿನ ಮೈಗೆ ಮಾತ್ರ. ಒಡ್ಡಿನ ಅಡಿಗೆ ತೋಡುವ ಕಾಲುವೆ, ನೀರಿನ ಕಡೆ ಹಾಸುವ ಪ್ಲಾಸ್ಟಿಕ್ ಹಾಳೆಯ ಅಂಚು, ಹರಿದು ಹೋಗುವ ಚೀಲ ಎಲ್ಲ ಸೇರಿದರೆ 2,200 ಕೈಯಲ್ಲಿ ಇರಬೇಕು.

ಈ ಸಂಖ್ಯೆ ಕೇಳಿ ತುಂಬಾ ಜನ ಗಾಬರಿಯಾಗುತ್ತಾರೆ. ಇನ್ನೂರು, ಮುನ್ನೂರು ಚೀಲ ಸಾಕು ಅಂದುಕೊಂಡಿರುತ್ತಾರೆ. ಒಂದರ ಮೇಲೊಂದು ಚೀಲ ಇಟ್ಟು ಗೋಡೆ ಎಬ್ಬಿಸುತ್ತೇವೆ ಎಂಬುದು ಅವರ ಎಣಿಕೆ. ಚೀಲದ ಒಡ್ಡು ಗೋಡೆಯಂತೆ ನಿಲ್ಲುವುದಿಲ್ಲ. ಎರಡೂ ಕಡೆ ಇಳಿಜಾರಾಗಿ, ಹೊಲದ ಬದುವಿನಂತೆ ಕೂರಬೇಕು. ಚೀಲಗಳೆಲ್ಲ ಹೋಗುವುದು ಆ ಇಳಿಜಾರಿಗೆ.

ಲೆಕ್ಕ ಮಾಡುವುದು ಹೇಗೆ?

ನಾಲ್ಕು ಅಳತೆ ಬೇಕು: ಉದ್ದ, ಎತ್ತರ, ತಳದ ಅಗಲ, ತಲೆಯ ಅಗಲ. ತಲೆ ಎಂದರೆ ಒಡ್ಡಿನ ಎಲ್ಲಕ್ಕಿಂತ ಮೇಲಿನ ಸಾಲು. ಅಲ್ಲಿ ಒಂದೇ ಚೀಲ ಇರುತ್ತದೆ, ಹಾಗಾಗಿ 1 ಅಡಿ ಹಿಡಿಯಿರಿ. ಎಲ್ಲ ಅಳತೆಯೂ ಅಡಿಯಲ್ಲಿ ಇರಲಿ.

```
ಘನ ಅಡಿ = ಉದ್ದ × ಎತ್ತರ × (ತಳ + ತಲೆ) ÷ 2
ಚೀಲ = ಘನ ಅಡಿ ÷ 0.4
```

ಮೇಲಿನ ಉದಾಹರಣೆಯನ್ನೇ ಹಾಕಿ ನೋಡಿ. ತಳ 6, ತಲೆ 1, ಕೂಡಿದರೆ 7. ಅದರ ಅರ್ಧ 3.5. ಇದನ್ನು ಎತ್ತರ 2ರಿಂದ ಗುಣಿಸಿದರೆ 7 ಚದರ ಅಡಿ. ಒಡ್ಡನ್ನು ಅಡ್ಡಡ್ಡ ಕತ್ತರಿಸಿದರೆ ಕಾಣುವ ಮುಖ ಇಷ್ಟು. ಉದ್ದ 100 ಅಡಿ ಅಂದರೆ 700 ಘನ ಅಡಿ. 0.4ರಿಂದ ಭಾಗಿಸಿದರೆ 1,750.

ಪಂಚಾಯಿತಿಯ ಅಂದಾಜು ಪಟ್ಟಿ ಮೀಟರಿನಲ್ಲಿ ಇದ್ದರೆ ಒಂದು ಘನ ಮೀಟರಿಗೆ 88 ಚೀಲ ಹಿಡಿಯಿರಿ. ಉತ್ತರ ಅದೇ ಬರುತ್ತದೆ.

ಈ 0.4 ಎಲ್ಲಿಂದ ಬಂತು? ನಮ್ಮ ಹತ್ತಿರ ಇರುವುದು ಗೊಬ್ಬರದ ಖಾಲಿ ಚೀಲ.

ನೆರೆ ಕೆಲಸಕ್ಕೆಂದೇ ಮಾರುವ ಚೀಲ ಖಾಲಿ ಇದ್ದಾಗ ಸುಮಾರು 14 ಇಂಚು ಅಗಲ, 26 ಇಂಚು ಉದ್ದ ಇರುತ್ತದೆ. ಅದಕ್ಕೆ ಮೂರರಲ್ಲಿ ಎರಡು ಭಾಗದ ಒಳಗೆ ಉಸುಕು ತುಂಬಿದರೆ ಸುಮಾರು 0.4 ಘನ ಅಡಿ ಹಿಡಿಯುತ್ತದೆ, ತೂಕ 18 ಕೆ.ಜಿ. ಆಸುಪಾಸು. ಲೀಟರ್ ಲೆಕ್ಕದಲ್ಲಿ 11ಕ್ಕಿಂತ ಸ್ವಲ್ಪ ಜಾಸ್ತಿ.

ನಮ್ಮ ಊರುಗಳಲ್ಲಿ ಅಂಥ ಚೀಲ ಸಿಗುವುದು ಕಡಿಮೆ. ಗೊಬ್ಬರದ್ದು, ಸಿಮೆಂಟಿನದ್ದು, ಸಕ್ಕರೆಯದ್ದು, ಕಾಳಿನದ್ದು ಹೀಗೆ ಸಿಕ್ಕಿದ್ದೆಲ್ಲ ಬರುತ್ತದೆ. ಒಂದು ಸಿಮೆಂಟ್ ಚೀಲದಲ್ಲಿ ತುಂಬಾ ತುಂಬಿದರೆ 1.25 ಘನ ಅಡಿ ಹಿಡಿಯುತ್ತದೆ. ಅದನ್ನು ಅರ್ಧ ತುಂಬಿದರೆ 0.6 ಘನ ಅಡಿ, ತೂಕ 27 ಕೆ.ಜಿ. ಆಗ 700 ಘನ ಅಡಿಗೆ 1,170 ಚೀಲ ಸಾಕಾಗುತ್ತದೆ. ಚೀಲ ಕಡಿಮೆ ಆಯಿತು ನಿಜ, ಆದರೆ ಉಸುಕು ಅಷ್ಟೇ ಬೇಕು. ರಾತ್ರಿ ಮಳೆಯಲ್ಲಿ 27 ಕೆ.ಜಿ. ಚೀಲವನ್ನು ಕೈಯಿಂದ ಕೈಗೆ ದಾಟಿಸಿದರೆ ಆಳುಗಳು ಬೇಗ ಸೋಲುತ್ತಾರೆ. ದೊಡ್ಡ ಚೀಲವಿದ್ದರೂ ಉಸುಕನ್ನು 18ರಿಂದ 20 ಕೆ.ಜಿ.ಗೆ ನಿಲ್ಲಿಸುವುದು ಒಳ್ಳೆಯದು. ಉಳಿದ ಬಾಯಿಯನ್ನು ಮಡಚಿ ಅಡಿಗೆ ಹಾಕಬಹುದು.

ನಿಮ್ಮ ಚೀಲದ ಲೆಕ್ಕ ನೀವೇ ತೆಗೆಯಿರಿ. ಲೀಟರ್ ಗೊತ್ತಿರುವ ಒಂದು ಬಕೆಟ್ ತೆಗೆದುಕೊಂಡು ಅಳೆದು ತುಂಬಿರಿ. ಎಷ್ಟು ಲೀಟರ್ ಹಿಡಿಯಿತೋ ಅದನ್ನು 28.3ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ನಾಲ್ಕೈದು ಚೀಲಕ್ಕೆ ಹೀಗೆ ಮಾಡಿ ಸರಾಸರಿ ತೆಗೆದು, ಮೇಲಿನ ಲೆಕ್ಕದಲ್ಲಿ 0.4 ಇರುವ ಕಡೆ ಅದನ್ನು ಹಾಕಿ.

ಚೀಲವನ್ನು ಪೂರ್ತಿ ತುಂಬಿದರೆ ಕಡಿಮೆ ಚೀಲದಲ್ಲೇ ಕೆಲಸ ಮುಗಿಯುತ್ತದೆ ಅಲ್ವಾ?

ಮುಗಿಯುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಪೂರ್ತಿ ತುಂಬಿದ ಚೀಲ ಉರುಟಾಗಿ ಗಟ್ಟಿಯಾಗುತ್ತದೆ. ಎರಡು ಉರುಟು ಚೀಲಗಳನ್ನು ಪಕ್ಕಪಕ್ಕ ಇಟ್ಟರೆ ನಡುವೆ ಕೈ ತೂರುವಷ್ಟು ಸಂದು ಉಳಿಯುತ್ತದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದ ಚೀಲ ಹಾಗಲ್ಲ. ಕಾಲಲ್ಲಿ ತುಳಿದರೆ ಒಳಗಿನ ಉಸುಕು ಸರಿದು ಪಕ್ಕದ ಚೀಲಕ್ಕೂ ಕೆಳಗಿನ ಚೀಲಕ್ಕೂ ಒತ್ತಿ ಕೂರುತ್ತದೆ. ಸಂದು ಮುಚ್ಚುವುದು ಹೀಗೆ.

ಬಾಯಿ ಕಟ್ಟುವಾಗಲೂ ಇದು ನೆನಪಿರಲಿ. ಸುತಳಿಯನ್ನು ಉಸುಕಿಗೆ ತಾಗಿಸಿ ಬಿಗಿಯಬೇಡಿ, ಚೀಲದ ತುದಿಯ ಹತ್ತಿರ ಕಟ್ಟಿ. ಉಸುಕು ಸರಿಯಲು ಜಾಗ ಬೇಕು. ತುಂಬುವ ಜಾಗ ಒಡ್ಡಿನ ಪಕ್ಕದಲ್ಲೇ ಇದ್ದರೆ ಕಟ್ಟುವುದೇ ಬೇಡ, ಬಾಯಿ ಮಡಚಿ ಚೀಲದ ಅಡಿಗೆ ಹಾಕಿದರೆ ಸಾಕು. ಟ್ರ್ಯಾಕ್ಟರ್‌ನಲ್ಲಿ ಹೇರಿ ತರುವುದಾದರೆ ಮಾತ್ರ ಕಟ್ಟಬೇಕು.

ತಳ ಎತ್ತರದ ಮೂರು ಪಟ್ಟು ಯಾಕೆ? ಎರಡಡಿ ಎತ್ತರಕ್ಕೆ ಮೂರಡಿ ತಳ ಸಾಲದೇ?

ಚೀಲ ಉಳಿಸಲು ಎಲ್ಲರೂ ಮೊದಲು ಕೈ ಹಾಕುವುದು ತಳಕ್ಕೇ. ಮೂರಡಿ ತಳ ಹಾಕಿದರೆ 100 ಅಡಿಗೆ 1,000 ಚೀಲದಲ್ಲಿ ಒಡ್ಡು ಏಳುತ್ತದೆ, 750 ಚೀಲ ಉಳಿಯುತ್ತದೆ. ನೋಡಲೂ ಅಷ್ಟೇ ಎತ್ತರ ಕಾಣುತ್ತದೆ. ಒಡ್ಡು ಕೈಕೊಡುವುದು ನೀರು ಏರಿದ ಮೇಲೆ.

ನೀರು ಒಡ್ಡನ್ನು ಅಡ್ಡಕ್ಕೆ ದೂಡುತ್ತದೆ. ಒಂದಡಿ ನೀರು ನಿಂತರೆ ಒಡ್ಡಿನ ಪ್ರತಿ ಒಂದಡಿ ಉದ್ದದ ಮೇಲೆ ಸುಮಾರು 14 ಕೆ.ಜಿ. ಒತ್ತಡ ಬೀಳುತ್ತದೆ. ಎರಡಡಿ ನಿಂತರೆ ಅದು 57 ಕೆ.ಜಿ. ಎತ್ತರ ಎರಡು ಪಟ್ಟಾದರೆ ದೂಡುವ ಬಲ ನಾಲ್ಕು ಪಟ್ಟು. ಇದರ ಜೊತೆಗೆ ಒಡ್ಡಿನ ಅಡಿಗೆ ನುಸುಳಿದ ನೀರು ಒಡ್ಡನ್ನು ಮೇಲಕ್ಕೆ ಎತ್ತುತ್ತದೆ, ಅದರ ತೂಕ ಹಗುರಾಗುತ್ತದೆ. ಕೆಸರು ನೆಲದಲ್ಲಿ ಹಿಡಿತವೂ ಕಡಿಮೆ. ಕಿರಿದಾದ ಒಡ್ಡು ಜಾರುವುದು ಆಗಲೇ. ಅಗಲ ತಳಕ್ಕೆ ಇನ್ನೊಂದು ಅನುಕೂಲ ಇದೆ. ಅದರ ಇಳಿಜಾರಿನ ಮೇಲೆ ನಿಂತ ನೀರಿನ ಭಾರವೇ ಒಡ್ಡನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ.

ಸೋರಿಕೆಯದ್ದೂ ಇದೇ ಕಥೆ. ನೀರು ಒಡ್ಡಿನ ಅಡಿಯಿಂದ ಈಚೆ ಬರಬೇಕಾದರೆ ತಳದಷ್ಟು ದಾರಿ ನಡೆಯಬೇಕು. ಆರಡಿ ದಾರಿಯಲ್ಲಿ ಅದು ಬಲ ಕಳೆದುಕೊಂಡು ಜಿನುಗುತ್ತದೆ. ಮೂರಡಿ ದಾರಿಯಾದರೆ ಮಣ್ಣನ್ನೂ ಕೊಚ್ಚಿಕೊಂಡು ಬರುವಷ್ಟು ಬಲ ಉಳಿದಿರುತ್ತದೆ. ಅದಕ್ಕೇ ನನ್ನ ಮಾತು: ಚೀಲ ಸಾಲದಿದ್ದರೆ ಎತ್ತರ ಇಳಿಸಿ, ಇಲ್ಲವೇ ಉದ್ದ ಇಳಿಸಿ. ತಳ ಮಾತ್ರ ಇಳಿಸಬೇಡಿ.

ಎತ್ತರ ಒಂದೊಂದೇ ಅಡಿ ಏರಿಸುತ್ತಾ ಹೋದರೆ?

100 ಅಡಿ ಉದ್ದಕ್ಕೆ, ತಳ ಮೂರು ಪಟ್ಟು ಇಟ್ಟುಕೊಂಡು, 1 ಅಡಿಗೆ 500 ಚೀಲ, 2 ಅಡಿಗೆ 1,750, 3 ಅಡಿಗೆ 3,750, 4 ಅಡಿಗೆ 6,500. ಎತ್ತರ ಏರಿದ ಹಾಗೆ ತಳವೂ ಅಗಲ ಆಗುವುದರಿಂದ ಸಂಖ್ಯೆ ಹೀಗೆ ಹಾರುತ್ತದೆ. "ಇನ್ನೊಂದಡಿ ಏರಿಸಿಬಿಡೋಣ" ಎನ್ನುವ ಮೊದಲು ಈ ಸಾಲನ್ನು ಒಮ್ಮೆ ನೋಡಿ. ಅಷ್ಟೇ ಅಲ್ಲ, ಆರಡಿ ತಳದ ಮೇಲೆ ಮೂರನೆಯ ಅಡಿ ಕೂರಿಸಲು ಆಗುವುದಿಲ್ಲ. ಮೊದಲು ಕೆಳಗಿನಿಂದಲೇ ಅಗಲ ಮಾಡಿಕೊಂಡು ಬರಬೇಕು.

ನಮ್ಮ ಒಡ್ಡಿಗೆ ಎಷ್ಟು ಎತ್ತರ ಬೇಕು ಅಂತ ತಿಳಿಯುವುದು ಹೇಗೆ?

ನೀರು ಎಲ್ಲಿಗೆ ಬರಬಹುದು ಎಂಬ ಅಂದಾಜಿನ ಮೇಲೆ ಒಂದಡಿ ಸೇರಿಸಿ. ಗಾಳಿಗೆ ಏಳುವ ಅಲೆ, ಕೂತು ತಗ್ಗುವ ಚೀಲ, ತಪ್ಪುವ ಅಂದಾಜು, ಇವೆಲ್ಲಕ್ಕೂ ಆ ಒಂದಡಿ ಬೇಕು. ಅಂದರೆ 2 ಅಡಿ ಒಡ್ಡು ತಡೆಯುವುದು 1 ಅಡಿ ನೀರನ್ನು.

ಅಂದಾಜಿಗೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಹಳೆಯ ನೀರಿನ ಗೆರೆ. 2019ರ ಆಗಸ್ಟ್ ನೆರೆಯ ಗೆರೆ ನಮ್ಮ ಎಷ್ಟೋ ಊರುಗಳ ಗುಡಿ, ಶಾಲೆ ಗೋಡೆಗಳ ಮೇಲೆ ಇದೆ, ಇಲ್ಲವೇ ಹಿರಿಯರ ನೆನಪಿನಲ್ಲಿ ಇದೆ. ನಿಮ್ಮ ಓಣಿಯಲ್ಲಿ ಆಗ ನೀರು ಎಷ್ಟಿತ್ತು ಎಂದು ಎರಡು ಮೂರು ಮನೆಯಲ್ಲಿ ಕೇಳಿ ಗುರುತು ಹಾಕಿಕೊಳ್ಳಿ.

ಆ ವರ್ಷ ಎದೆಮಟ್ಟ ನೀರು ನಿಂತಿದ್ದ ಓಣಿಯಾದರೆ, ಅಂಥದ್ದೇ ನೆರೆಗೆ ಚೀಲ ಪೇರಿಸುವ ಯೋಚನೆ ಬೇಡ. ಆ ಹೊತ್ತನ್ನೂ ಆಳುಗಳನ್ನೂ ದನಕರು, ಕಾಳು, ಕಾಗದಪತ್ರ ಸಾಗಿಸಲು ಬಳಸಿ. ಒಡ್ಡು ಉಪಯೋಗಕ್ಕೆ ಬರುವುದು ನೆರೆಯ ಅಂಚಿನ ಓಣಿಗಳಿಗೆ, ಮೊಣಕಾಲಿನ ಕೆಳಗೆ ನೀರು ಬರುವ ಕಡೆ.

ನಮ್ಮ ಓಣಿ ಸಮ ಇಲ್ಲ. ನಡುವೆ ತಗ್ಗು, ಎರಡೂ ತುದಿ ಎತ್ತರ. ಆಗ ಲೆಕ್ಕ ಹೇಗೆ?

ಈ ಪ್ರಶ್ನೆ ಕೇಳುವವರು ಕಡಿಮೆ. ಆದರೆ ಚೀಲ ನಿಜವಾಗಿ ಉಳಿಯುವುದು ಇಲ್ಲೇ.

ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಯ ಒಂದು ಊರು ಅಂದುಕೊಳ್ಳಿ. ಹಿಡಕಲ್‌ನಿಂದ ಬಿಟ್ಟ ನೀರು, ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳ ನೀರು ಸೇರಿ ಘಟಪ್ರಭಾ ತುಂಬಿದಾಗ ಊರ ಹಳ್ಳದ ನೀರು ಹೊಳೆಗೆ ಸೇರದೆ ಹಿಂದಕ್ಕೆ ನಿಲ್ಲುತ್ತದೆ. ನಿಧಾನವಾಗಿ ಕೆಳಗಿನ ಓಣಿಗೆ ಏರುತ್ತದೆ. ಹಳ್ಳ ಮತ್ತು ಓಣಿಯ ನಡುವೆ ಒಡ್ಡು ಹಾಕಬೇಕಾದ ಬಯಲಿನ ಉದ್ದ 120 ಅಡಿ. ಅತಿ ತಗ್ಗಿನ ಜಾಗದಲ್ಲಿ 1 ಅಡಿ ನೀರು ಬರುವ ಅಂದಾಜು, ಅಂದರೆ ಅಲ್ಲಿ 2 ಅಡಿ ಒಡ್ಡು ಬೇಕು.

ಇಡೀ 120 ಅಡಿಗೂ 2 ಅಡಿ ಎತ್ತರ ಎಂದು ಹಿಡಿದರೆ 2,100 ಚೀಲ. ಆದರೆ ಒಡ್ಡಿನ ತಲೆ ಮಟ್ಟವಾಗಿದ್ದರೆ ಸಾಕು, ಎತ್ತರ ಎಲ್ಲ ಕಡೆ ಒಂದೇ ಇರಬೇಕಿಲ್ಲ. ಗೌಂಡಿಗಳ ಹತ್ತಿರ ಇರುವ ಲೆವೆಲ್ ಪೈಪ್ ತಂದು ನೀರು ತುಂಬಿ ಅಳೆಯಿರಿ. ನಡುವಿನ 60 ಅಡಿ ಮಾತ್ರ ತಗ್ಗು ಎಂದು ಗೊತ್ತಾಯಿತು. ಎರಡೂ ತುದಿಯ 30, 30 ಅಡಿಯಲ್ಲಿ ನೆಲವೇ ಒಂದಡಿ ಎತ್ತರ ಇದೆ. ಅಲ್ಲಿ 1 ಅಡಿ ಒಡ್ಡು, 3 ಅಡಿ ತಳ ಸಾಕು.

ನಡುವಿನ ಭಾಗ 60 × 2 × 3.5, ಅಂದರೆ 420 ಘನ ಅಡಿ, 1,050 ಚೀಲ. ತುದಿಗಳು ಎರಡೂ ಸೇರಿ 60 × 1 × 2, ಅಂದರೆ 120 ಘನ ಅಡಿ, 300 ಚೀಲ. ಒಟ್ಟು 1,350. ಅರ್ಧ ತಾಸು ಪೈಪ್ ಹಿಡಿದಿದ್ದಕ್ಕೆ 750 ಚೀಲ ತುಂಬುವ ಕೆಲಸ ಉಳಿಯಿತು.

ಕಣ್ಣಳತೆ ಮಾತ್ರ ನಂಬಬೇಡಿ. ಕತ್ತಲಲ್ಲಿ, ಕೆಸರಲ್ಲಿ ಆರಿಂಚಿನ ತಗ್ಗು ಕಾಣುವುದೇ ಇಲ್ಲ. ನೀರು ಮೊದಲು ದಾಟುವುದು ಅಲ್ಲಿಂದಲೇ.

ಲೆಕ್ಕಕ್ಕಿಂತ ಜಾಸ್ತಿ ಚೀಲ ಎಲ್ಲಿ ಹೋಗುತ್ತದೆ?

ಮೂರು ಕಡೆ. ಇದೇ 120 ಅಡಿ ಒಡ್ಡನ್ನು ಮುಂದುವರಿಸೋಣ.

ಮೊದಲನೆಯದು ತಳದ ಕಾಲುವೆ. ಒಡ್ಡಿನ ನಡು ಬರುವ ಕಡೆ, ಉದ್ದಕ್ಕೂ, ಒಂದು ಚೀಲದಷ್ಟು ಆಳ, ಎರಡು ಚೀಲದಷ್ಟು ಅಗಲ ತೋಡಿ ಅದರಲ್ಲಿ ಚೀಲ ತುಂಬಬೇಕು. ಇದು ಒಡ್ಡಿನ ಬೇರು. ಜಾರುವುದನ್ನೂ ಅಡಿಯಿಂದ ನೀರು ನುಗ್ಗುವುದನ್ನೂ ತಡೆಯುತ್ತದೆ. ನಾಲ್ಕು ಇಂಚು ಆಳ, ಎರಡಡಿ ಅಗಲ ಎಂದರೆ 120 ಅಡಿಗೆ 80 ಘನ ಅಡಿ, 200 ಚೀಲ.

ಎರಡನೆಯದು ಪ್ಲಾಸ್ಟಿಕ್ ಹಾಳೆಯ ಕೆಳ ಅಂಚಿನ ಮೇಲೆ ಭಾರಕ್ಕೆ ಇಡುವ ಸಾಲು. ಒಂದು ಚೀಲ ಒಂದೂವರೆ ಅಡಿ ಉದ್ದ ಮುಚ್ಚುತ್ತದೆ, ಹಾಗಾಗಿ 80 ಚೀಲ.

ಈಗ ಒಟ್ಟು 1,630 ಆಯಿತು. ಮೂರನೆಯದು ಹರಿಯುವ, ಸೋರುವ, ಕೈತಪ್ಪುವ ಚೀಲ. ಅದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ಸುಮಾರು 1,800. ಗೊಬ್ಬರದ ಹಳೆ ಚೀಲಗಳಾದರೆ ನೂರಕ್ಕೆ ಇಪ್ಪತ್ತು ಸೇರಿಸಿ. ಬಿಸಿಲಿಗೆ ಬಿದ್ದ ಚೀಲ ನೋಡಲು ಚೆನ್ನಾಗಿದ್ದರೂ ಎತ್ತಿದ ಕೂಡಲೇ ಹರಿಯುತ್ತದೆ. ಎರಡೂ ಕೈಯಲ್ಲಿ ಜಗ್ಗಿ ನೋಡಿದರೆ ಗೊತ್ತಾಗುತ್ತದೆ. ಎಳೆ ಪುಡಿಯಾದರೆ ಪಕ್ಕಕ್ಕಿಡಿ.

1,800 ಚೀಲಕ್ಕೆ ಎಷ್ಟು ಉಸುಕು ತರಿಸಬೇಕು?

1,800ನ್ನು 0.4ರಿಂದ ಗುಣಿಸಿದರೆ 720 ಘನ ಅಡಿ. ನಮ್ಮ ಕಡೆ ಉಸುಕು ಕೊಳ್ಳುವುದು ಬ್ರಾಸ್ ಲೆಕ್ಕದಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಹಾಗಾಗಿ ಏಳೂಕಾಲು ಬ್ರಾಸ್, ಚೆಲ್ಲುವುದು ಸೇರಿ ಎಂಟು ಹೇಳಿ. ತೂಕ 32 ಟನ್ ದಾಟುತ್ತದೆ. ಒಣ ಉಸುಕು ಘನ ಅಡಿಗೆ 45 ಕೆ.ಜಿ., ಒದ್ದೆಯಾದರೆ ಇನ್ನೂ ಜಾಸ್ತಿ.

ಟ್ರ್ಯಾಕ್ಟರ್ ಟ್ರೇಲರ್‌ನ ಉದ್ದ, ಅಗಲ, ಆಳ ಅಡಿಯಲ್ಲಿ ಅಳೆದು ಗುಣಿಸಿದರೆ ಒಂದು ಖೇಪಿಗೆ ಎಷ್ಟು ಬರುತ್ತದೆ ಎಂದು ಗೊತ್ತಾಗುತ್ತದೆ. 10 ಅಡಿ, 6 ಅಡಿ, ಒಂದೂವರೆ ಅಡಿ ಇದ್ದರೆ 90 ಘನ ಅಡಿ, ಎಂಟು ಬ್ರಾಸ್‌ಗೆ ಒಂಬತ್ತು ಖೇಪು. ಇದನ್ನು ಮಳೆಗೆ ಮೊದಲೇ ಯೋಚಿಸಬೇಕು. ಎರಿ ಹೊಲದ ದಾರಿ ಒಮ್ಮೆ ನೆನೆಯಿತೆಂದರೆ ತುಂಬಿದ ಟ್ರೇಲರ್ ಹೂತುಕೊಳ್ಳುತ್ತದೆ. ಉಸುಕಿನ ಗುಡ್ಡೆಯನ್ನು ಒಡ್ಡು ಹಾಕುವ ಜಾಗದ ಹತ್ತಿರವೇ, ನೀರು ಬಾರದ ಎತ್ತರದಲ್ಲಿ ಮೊದಲೇ ಹಾಕಿಸಿ ಮುಚ್ಚಿಡಿ.

ಉಸುಕೇ ಬೇಕಾ? ನಮ್ಮಲ್ಲಿ ಎರಿ ಮಣ್ಣು ಬೇಕಾದಷ್ಟು ಇದೆ.

ಎರಿ ಮಣ್ಣು ಬೇಡ. ಒಣಗಿದ್ದಾಗ ಅದು ಹೆಂಟೆ. ಚೀಲದೊಳಗೆ ಹೆಂಟೆಗಳ ನಡುವೆ ಪೊಳ್ಳು ಉಳಿಯುತ್ತದೆ, ತುಳಿದರೂ ಹೊಂದುವುದಿಲ್ಲ. ನೆನೆದ ಮೇಲೆ ಸಲಿಕೆಗೆ ಅಂಟಿಕೊಂಡು ತುಂಬುವ ಕೆಲಸವೇ ನಿಂತುಹೋಗುತ್ತದೆ. ಚೀಲದ ಹೊರಗೆ ಮೆತ್ತಿದ ಎರಿ ಕೆಸರು ಒಂದರ ಮೇಲೊಂದು ಚೀಲ ಜಾರುವಂತೆಯೂ ಮಾಡುತ್ತದೆ.

ಹೊಳೆ ಉಸುಕು ಒಳ್ಳೆಯದು, ಎಂ-ಸ್ಯಾಂಡ್ ಕೂಡ ನಡೆಯುತ್ತದೆ. ಅವೆರಡೂ ಸಿಗದಿದ್ದರೆ ಗರಸು ತುಂಬಿ, ದೊಡ್ಡ ಕಲ್ಲು ತೆಗೆದುಹಾಕಿ. ನೆರೆ ಬಂದಿರುವಾಗ ಹೊಳೆಗೆ ಇಳಿದು ಉಸುಕು ತೆಗೆಯುವುದಂತೂ ಬೇಡವೇ ಬೇಡ, ಜೀವಕ್ಕೆ ಅಪಾಯ. ಬೇರೆ ದಿನಗಳಲ್ಲೂ ಪರವಾನಗಿ ಇಲ್ಲದೆ ತೆಗೆಯುವಂತಿಲ್ಲ. ಬೇಸಿಗೆಯಲ್ಲೇ ಪಂಚಾಯಿತಿಗೆ ಬರೆದುಕೊಟ್ಟು ದಾಸ್ತಾನು ಕೇಳಿ. ಅರ್ಜಿಯಲ್ಲಿ ಮೇಲಿನ ಲೆಕ್ಕ ಹಾಕಿದರೆ ಕೇಳುವವರಿಗೂ ಕೊಡುವವರಿಗೂ ಮಾತು ಸಲೀಸಾಗುತ್ತದೆ.

ಎರಿ ನೆಲದ ಮೇಲೆಯೇ ಒಡ್ಡು ಹಾಕಬೇಕಾಗಿದೆ. ಏನು ನೋಡಬೇಕು?

ಬಿರುಕು ನೋಡಬೇಕು. ಬೇಸಿಗೆಯಲ್ಲಿ ಎರಿ ನೆಲ ಬಾಯಿ ಬಿಟ್ಟಿರುತ್ತದೆ. ಮಳೆ ಕಡಿಮೆ ಬಿದ್ದ ವರ್ಷ ಜುಲೈಯಲ್ಲೂ ಆ ಬಿರುಕು ಪೂರ್ತಿ ಮುಚ್ಚಿರುವುದಿಲ್ಲ. ನಮ್ಮ ಊರಲ್ಲಿ ಮಳೆ ಇಲ್ಲದಿದ್ದರೂ ಘಟ್ಟದಲ್ಲಿ ಮಳೆ ಸುರಿದು ಹೊಳೆ ಬರುವುದು ನಮ್ಮ ಜಿಲ್ಲೆಗಳಲ್ಲಿ ಹೊಸತಲ್ಲ. ಆಗ ನೀರು ಒಡ್ಡಿನ ಅಡಿಯ ಬಿರುಕಿನಲ್ಲಿ ನುಗ್ಗಿ ಈಚೆ ಏಳುತ್ತದೆ. ಒಡ್ಡು ಎಷ್ಟೇ ಚೆನ್ನಾಗಿದ್ದರೂ ಇದು ತಪ್ಪುವುದಿಲ್ಲ.

ಒಡ್ಡು ಬರುವ ಜಾಗದ ಹುಲ್ಲು, ಕಸ, ಕಬ್ಬಿನ ರವದಿ ಎಲ್ಲ ಕೆತ್ತಿ ತೆಗೆಯಿರಿ. ಕಾಲುವೆ ತೋಡಿದಾಗ ಬಿರುಕು ಕಂಡರೆ ನಾಲ್ಕು ಇಂಚಿಗೆ ನಿಲ್ಲಿಸದೆ ಇನ್ನೂ ಆಳಕ್ಕೆ ಹೋಗಿ, ಸಡಿಲ ಮಣ್ಣು ಹಾಕಿ ನೀರು ಚಿಮುಕಿಸಿ ದಮ್ಮಸು ಮಾಡಿ. ಆಮೇಲೆ ಚೀಲ ಇಡಿ. ಸಿಮೆಂಟ್ ರಸ್ತೆಯಾದರೆ ಕಾಲುವೆಯ ಮಾತಿಲ್ಲ. ಮೇಲಿನ ರಾಡಿಯನ್ನು ಮಾತ್ರ ಪೂರ್ತಿ ಬಳಿದು ತೆಗೆಯಿರಿ, ಇಲ್ಲದಿದ್ದರೆ ಒಡ್ಡು ಜಾರುತ್ತದೆ.

ಚೀಲ ಜೋಡಿಸುವ ಕ್ರಮ ಏನು?

ತಗ್ಗಿನ ಜಾಗದಿಂದ ಶುರು ಮಾಡಿ. ಕೆಳಗಿನ ಸಾಲಿನಲ್ಲಿ ಚೀಲದ ಉದ್ದ ಒಡ್ಡಿನ ಉದ್ದಕ್ಕೇ ಇರಲಿ, ಮಡಚಿದ ಬಾಯಿ ನೀರು ಹರಿದು ಬರುವ ದಿಕ್ಕಿಗೆ ಇರಲಿ. ಮುಂದಿನ ಚೀಲ ಹಿಂದಿನ ಚೀಲದ ತುದಿಯ ಮೇಲೆ ಸ್ವಲ್ಪ ಏರಿ ಕೂರಬೇಕು. ಅದರ ಮೇಲಿನ ಸಾಲಿನಲ್ಲಿ ಚೀಲಗಳನ್ನು ಅಡ್ಡ ಇಡಿ, ಆಮೇಲೆ ಮತ್ತೆ ಉದ್ದಕ್ಕೆ. ಇಟ್ಟಿಗೆ ಗೋಡೆಯಲ್ಲಿ ಮಾಡುವಂತೆ ಸಂದಿನ ಮೇಲೆ ಸಂದು ಬರಬಾರದು. ಪ್ರತಿ ಚೀಲವನ್ನೂ ಇಟ್ಟ ಕೂಡಲೇ ತುಳಿಯಿರಿ. ಕೊನೆಗೆ ಒಟ್ಟಿಗೇ ತುಳಿದರೆ ಕೆಳಗಿನ ಸಾಲು ಒತ್ತಿ ಕೂರುವುದಿಲ್ಲ.

ಒಡ್ಡಿನ ಎರಡೂ ತುದಿ ಎತ್ತರದ ನೆಲಕ್ಕೆ ಹೋಗಿ ಸೇರಬೇಕು. ಸುಮ್ನೆ ಗೋಡೆಗೆ ತಾಗಿಸಿ ನಿಲ್ಲಿಸಿದರೆ ನೀರು ಸುತ್ತಿಕೊಂಡು ಬರುತ್ತದೆ. ಮಣ್ಣಿನ ಗೋಡೆಗೆ ಚೀಲ ಆನಿಸಬೇಡಿ. ಗೋಡೆ ನೆನೆದರೆ ಚೀಲದ ಭಾರಕ್ಕೇ ಕುಸಿಯಬಹುದು.

ಪ್ಲಾಸ್ಟಿಕ್ ಹಾಳೆ ಬೇಕೇ ಬೇಕಾ?

ಇದ್ದರೆ ಸೋರಿಕೆ ತುಂಬಾ ಕಡಿಮೆ ಆಗುತ್ತದೆ. ತೂತು ಬಿದ್ದ ತಾಡಪತ್ರಿ ಉಪಯೋಗವಿಲ್ಲ, ಕೃಷಿ ಹೊಂಡಕ್ಕೆ ಹಾಸುವಂಥ ದಪ್ಪ ಹಾಳೆ ಒಳ್ಳೆಯದು. ನೀರಿನ ಕಡೆಯ ಮುಖಕ್ಕೆ ಹಾಸಿ, ಕೆಳ ಅಂಚನ್ನು ನೆಲದ ಮೇಲೆ ಎರಡು ಮೂರಡಿ ಮುಂದಕ್ಕೆ ಚಾಚಿ ಅದರ ಮೇಲೆ ಚೀಲ ಇಡಿ. ಬಿಗಿಯಾಗಿ ಎಳೆಯಬೇಡಿ. ಸಡಿಲ ಇದ್ದರೆ ನೀರೇ ಅದನ್ನು ಚೀಲಗಳ ಸಂದಿಗೆ ಒತ್ತುತ್ತದೆ, ಬಿಗಿ ಇದ್ದರೆ ಹರಿಯುತ್ತದೆ. ಎರಡು ಹಾಳೆ ಕೂಡುವ ಕಡೆ ಒಂದರ ಮೇಲೊಂದು ಮೂರಡಿ ಬರಲಿ, ನೀರು ಬರುವ ದಿಕ್ಕಿನ ಹಾಳೆ ಮೇಲಿರಲಿ.

ಎಷ್ಟು ಆಳು, ಎಷ್ಟು ಹೊತ್ತು?

ಉಸುಕು ಪಕ್ಕದಲ್ಲೇ ಇದ್ದು ಎಲ್ಲ ಸಲೀಸಾಗಿ ನಡೆದರೆ ಇಬ್ಬರು ಸೇರಿ ಒಂದು ತಾಸಿಗೆ 100 ಚೀಲ ತುಂಬಿ ಇಡಬಹುದು. ಮಳೆ, ಕತ್ತಲು, ಕೆಸರು ಇದ್ದಾಗ ಅದರ ಅರ್ಧ ಹಿಡಿಯಿರಿ. ಆಗ 1,800 ಚೀಲಕ್ಕೆ 20 ಜನ ಇದ್ದರೆ ಸುಮಾರು 4 ತಾಸು. ನೆಲ ಕೆತ್ತುವುದು, ಕಾಲುವೆ ತೋಡುವುದು, ಹಾಳೆ ಹಾಸುವುದು ಇದರಲ್ಲಿ ಸೇರಿಲ್ಲ. ಅರ್ಧ ದಿನ ಬೇಕು ಎಂದೇ ಇಟ್ಟುಕೊಳ್ಳಿ.

ನಿಮ್ಮ ಹೊಳೆ ಆ ಅರ್ಧ ದಿನ ಕೊಡುತ್ತದೆಯೇ ಎಂಬುದನ್ನೂ ನೋಡಬೇಕು. ಚಿಕ್ಕೋಡಿ, ಅಥಣಿ ಕಡೆ ಕೃಷ್ಣೆ ಏರುವ ಮೊದಲು ಕೊಯ್ನಾ, ರಾಜಾಪುರ ಬ್ಯಾರೇಜ್‌ನ ಸುದ್ದಿ ಬರುತ್ತದೆ. ಇಂಡಿ, ಚಡಚಣ ಕಡೆ ಭೀಮೆಗೆ ಉಜನಿಯಿಂದ ನೀರು ಬಿಟ್ಟ ಸುದ್ದಿ, ರಾಮದುರ್ಗ, ಬಾದಾಮಿ ಕಡೆ ಮಲಪ್ರಭೆಗೆ ನವಿಲುತೀರ್ಥದ ಸುದ್ದಿ. ಸುದ್ದಿ ಬಂದ ಕೂಡಲೇ ಕೆಲಸ ಶುರು ಮಾಡಿದರೆ ಹೊತ್ತು ಸಿಗುತ್ತದೆ. ವಿಜಯಪುರದ ಡೋಣಿ ಹಾಗಲ್ಲ, ಮೇಲೆ ಜೋರು ಮಳೆಯಾದರೆ ಏಕಾಏಕಿ ಉಕ್ಕುತ್ತದೆ. ಅದರ ದಂಡೆಯವರು ಚೀಲಗಳನ್ನು ಮೊದಲೇ ತುಂಬಿಟ್ಟುಕೊಳ್ಳಬೇಕು.

ಓಣಿಯ ಅಗಲವೇ ನಾಲ್ಕಡಿ. ಆರಡಿ ತಳಕ್ಕೆ ಜಾಗ ಎಲ್ಲಿದೆ?

ಅಡ್ಡಲಾಗಿ ಕಟ್ಟುವುದಾದರೆ ಓಣಿಯ ಅಗಲ ನಿಮ್ಮ ಒಡ್ಡಿನ ಉದ್ದ ಆಗುತ್ತದೆ. ತಳ ಓಣಿಯ ಉದ್ದಕ್ಕೆ ಚಾಚುತ್ತದೆ, ತೊಂದರೆ ಇಲ್ಲ. ಮನೆಗಳ ಸಾಲಿನ ಮುಂದೆ ಉದ್ದಕ್ಕೆ ಕಟ್ಟುವುದಾದರೆ ತೊಂದರೆ. ನಾಲ್ಕಡಿ ತಳಕ್ಕೆ ಒಂದೂಕಾಲು ಅಡಿಗಿಂತ ಎತ್ತರ ಹೋಗಬಾರದು. ಒಂದಡಿ ಬಿಟ್ಟರೆ ತಡೆಯಲು ಉಳಿದದ್ದು ಮೂರು ಇಂಚು ನೀರು. ಅಂಥ ಕಡೆ ಓಣಿಯ ಬಾಯಿಯಲ್ಲೇ ಅಡ್ಡ ಕಟ್ಟುವುದು ಜಾಣತನ.

ಒಂದೇ ಮನೆಯ ಬಾಗಿಲಿಗೆ?

ಕೆಲವೇ ಇಂಚು ನೀರಿನ ಅಂದಾಜು ಇದ್ದರೆ 1 ಅಡಿ ಎತ್ತರ, 3 ಅಡಿ ತಳ ಸಾಕು. ಬಾಗಿಲಿನ ಮುಂದೆ ಅರ್ಧ ಚಂದ್ರದಂತೆ ಎಂಟಡಿ ಉದ್ದ ಬರುತ್ತದೆ ಅನ್ನಿ, 40 ಚೀಲ. ತುದಿ ಗೋಡೆಗೆ ಸೇರುವ ಕಡೆ ಹಾಳೆಯನ್ನು ಗೋಡೆಯ ಮೇಲೂ ಒಂದಡಿ ಏರಿಸಿ. ಗಟ್ಟಿ ಗೋಡೆ ಇದ್ದರೆ ಮಾತ್ರ ಈ ಕೆಲಸ. ಹೊರಗೆ ಮೂರಡಿ ನೀರು ನಿಂತು ಒಳಗೆ ಒಣಗಿದ್ದರೆ ಇಟ್ಟಿಗೆ ಗೋಡೆಯೂ ಆ ಒತ್ತಡಕ್ಕೆ ಬಿರಿಯಬಹುದು. ಅಷ್ಟು ನೀರು ಬರುವ ಹಾಗಿದ್ದರೆ ಬಾಗಿಲು ಕಾಯದೆ ಹೊರಡಿ.

ಒಡ್ಡು ಹಾಕಿದ ಮೇಲೂ ಒಳಗೆ ನೀರು ಬರುತ್ತಿದೆ. ಹೆದರಬೇಕಾ?

ನೀರಿನ ಬಣ್ಣ ನೋಡಿ. ತಿಳಿನೀರು ಜಿನುಗುತ್ತಿದ್ದರೆ ಅದು ಸಹಜ, ಗುಂಡಿ ತೋಡಿ ಪಂಪ್ ಹಚ್ಚಿ. ನೆಲದಿಂದ ನೀರು ಬುಗ್ಗೆಯಾಗಿ ಎದ್ದು ಕೆಸರು ತರುತ್ತಿದ್ದರೆ ಒಡ್ಡಿನ ಅಡಿಯ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಅದರ ಬಾಯಿಗೆ ಚೀಲ ಇಟ್ಟು ಮುಚ್ಚಬೇಡಿ. ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಬುಗ್ಗೆಯ ಸುತ್ತ ಚೀಲಗಳ ಬಳೆ ಕಟ್ಟಿ, ಒಳಗೆ ನೀರು ಏರಲು ಬಿಡಿ. ನೀರು ತಿಳಿಯಾಗುವ ತನಕ ಬಳೆ ಏರಿಸಿ, ತಿಳಿಯಾದ ನೀರಿಗೆ ಒಂದು ಕಡೆ ಹರಿದು ಹೋಗಲು ದಾರಿ ಇಡಿ. ಇದಕ್ಕೇ ಒಂದಷ್ಟು ಚೀಲ ತುಂಬಿ ಪಕ್ಕಕ್ಕಿಟ್ಟಿರಬೇಕು.

ಗಟಾರವನ್ನು ಮರೆಯುವವರು ಜಾಸ್ತಿ. ಒಡ್ಡಿನ ಅಡಿಯಿಂದ ಹಳ್ಳಕ್ಕೆ ಹೋಗುವ ಗಟಾರ, ಪೈಪು ಇದ್ದರೆ ನೀರು ಅದರಿಂದಲೇ ಹಿಂದಕ್ಕೆ ಬರುತ್ತದೆ. ಹಾಳೆ ಸುತ್ತಿದ ಚೀಲಗಳಿಂದ ಹೊರಗಿನ ಬಾಯಿ ಮುಚ್ಚಿ. ಆಮೇಲೆ ಊರ ಮಳೆ ನೀರು ಒಳಗೇ ನಿಲ್ಲುತ್ತದೆ, ಅದಕ್ಕೂ ಪಂಪ್ ಬೇಕು.

ಒಡ್ಡಿನ ಮೈ ಉಬ್ಬಿದರೆ, ತಲೆಯ ಸಾಲು ವಾಲಿದರೆ, ಅಥವಾ ತಲೆಯ ಮೇಲಿಂದ ನೀರು ಹಾಯಲು ಶುರುವಾದರೆ ಕೂಡಲೇ ಎಲ್ಲರೂ ಅಲ್ಲಿಂದ ಏಳಬೇಕು. ಚೀಲ ತರಲು ಓಡಬೇಡಿ. ಸಹಾಯಕ್ಕೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077.

ಜೋರಾಗಿ ಹರಿಯುವ ನೀರಿಗೂ ಇದೇ ಒಡ್ಡು ನಡೆಯುತ್ತದೆಯೇ?

ಇಲ್ಲ. ಮೇಲಿನ ಲೆಕ್ಕವೆಲ್ಲ ನಿಂತ ನೀರಿಗೆ, ನಿಧಾನ ಏರುವ ನೀರಿಗೆ. ಸೆಳವು ಇರುವ ಕಡೆ ಅದು ಚೀಲದ ಬುಡದ ಮಣ್ಣನ್ನೇ ಕೊರೆಯುತ್ತದೆ. ಮೂರಡಿಗಿಂತ ಎತ್ತರದ ಒಡ್ಡನ್ನೂ ಇಂಜಿನಿಯರ್ ನೋಡದೆ ಕಟ್ಟಬೇಡಿ.

ನೀರು ಇಳಿದ ಮೇಲೆ ಚೀಲಗಳನ್ನು ಏನು ಮಾಡಬೇಕು?

ನೆರೆ ನೀರಿನಲ್ಲಿ ಗಟಾರ, ಸತ್ತ ದನ, ಹೊಲದ ಔಷಧಿ ಎಲ್ಲ ಸೇರಿರುತ್ತದೆ. ಕೈಗವಸು, ಬೂಟು ಹಾಕಿಕೊಂಡು ಬಿಚ್ಚಿ. ಆ ಉಸುಕು ಮಕ್ಕಳು ಆಡುವ ಜಾಗಕ್ಕೆ, ಕುಡಿಯುವ ನೀರಿನ ಹತ್ತಿರಕ್ಕೆ ಬೇಡ. ರಸ್ತೆಯ ತಗ್ಗು ತುಂಬಲು ಬಳಸಬಹುದು. ನೀರು ಮುಟ್ಟದ ಚೀಲಗಳನ್ನು ನೆರಳಿನಲ್ಲಿ, ಹಲಗೆಯ ಮೇಲೆ ಪೇರಿಸಿ ಮುಚ್ಚಿಡಿ. ಬಿಸಿಲಿಗೆ ಬಿಟ್ಟರೆ ಪ್ಲಾಸ್ಟಿಕ್ ಎಳೆ ಕೆಲವೇ ತಿಂಗಳಲ್ಲಿ ಪುಡಿಯಾಗುತ್ತದೆ. ಗೋಣಿಚೀಲಗಳನ್ನು ಒಣಗಿಸದೆ ಇಟ್ಟರೆ ಕೊಳೆಯುತ್ತವೆ. ಹೊಸ ಗೆರೆ ಬಿದ್ದಿದ್ದರೆ ಗೋಡೆ ತೊಳೆಯುವ ಮೊದಲು ಅದರ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ತಾರೀಖು ಬರೆಯಿರಿ.